ಪೆಟ್ಟಿಗೆಯ ಘನಫಲ −12 ಬರುತ್ತಿದೆ, ತಪ್ಪು ಎಲ್ಲಿದೆ?

ಚುಕ್ಕಿಗೆರೆ: ಎರಡು ದಿನದಿಂದ ತಲೆ ಕೆಟ್ಟುಹೋಗಿದೆ. ನನ್ನ 3ಡಿ ಪೆಟ್ಟಿಗೆಯ ಘನಫಲ 4. ಮ್ಯಾಟ್ರಿಕ್ಸ್ ಹಾಕಿ ಒಂದು ಕಡೆ 2 ಪಟ್ಟು, ಇನ್ನೊಂದು ಕಡೆ 1.5 ಪಟ್ಟು ಹಿಗ್ಗಿಸಿದೆ. 12 ಬರಬೇಕಲ್ವಾ? −12 ಬರುತ್ತಿದೆ. ಹೊರಗಿನ ಮುಖಗಳೂ ಮಾಯ, ಒಳಗೋಡೆ ಕಾಣುತ್ತಿದೆ.

ನಂದನ್: ಅಡ್ಡಸಾಲು, ಕಂಬಸಾಲು ಅದಲುಬದಲಾಗಿವೆ. ಟ್ರಾನ್ಸ್‌ಪೋಸ್ ಮಾಡಿ ನೋಡಿ.

ಚುಕ್ಕಿಗೆರೆ: ಮಾಡಿದೆ. ಈಗಲೂ −12.

ನಂದನ್: ಹಾಗಾದರೆ ಇನ್ನೊಂದು ಜಾಗದಲ್ಲೂ ತಿರುಗಿರಬೇಕು. ನನಗೆ ಯಾವಾಗಲೂ ಇದೇ ಕಾರಣ ಸಿಕ್ಕಿದೆ.

ಗೀತಾ ಕೆ: ನಂದನ್, ಟ್ರಾನ್ಸ್‌ಪೋಸ್ ಮಾಡಿದರೂ ಡಿಟರ್ಮಿನಂಟ್ ಬದಲಾಗುವುದಿಲ್ಲ. ಚಿಹ್ನೆ ಅಲ್ಲಿಂದ ಬರಲಾರದು. ಮ್ಯಾಟ್ರಿಕ್ಸ್ ಪೂರ್ತಿ ಹಾಕಿ.

ಚುಕ್ಕಿಗೆರೆ: ಅಕ್ಷ ಬದಲಿಸುವುದು ಎಲ್ಲರೂ ಮಾಡುವುದೇ ಅಂತ ಹೇಳಿರಲಿಲ್ಲ. ಮಾದರಿಯಲ್ಲಿ y ಮೇಲ್ಮುಖ, ನನಗೆ z ಮೇಲ್ಮುಖ ಬೇಕಿತ್ತು.

```
2   0    0
0   0    1
0   1.5  0
```

ಗೀತಾ ಕೆ: ಸಿಕ್ಕಿತು. ಇದರ ಡಿಟರ್ಮಿನಂಟ್ 2 × (0 − 1.5) = −3. ಘನಫಲ 3 ಪಟ್ಟಾಗುತ್ತದೆ, ಅದು ನಿಮ್ಮ ಲೆಕ್ಕದಂತೆಯೇ ಇದೆ. ಮೈನಸ್ ಹೇಳುವುದು ಬೇರೆ ವಿಷಯ. y, z ಸುಮ್ನೆ ಅದಲುಬದಲು ಮಾಡಿದರೆ ಪೆಟ್ಟಿಗೆ ತಿರುಗುವುದಿಲ್ಲ, ಕನ್ನಡಿಯ ಬಿಂಬವಾಗುತ್ತದೆ. ಹೊರಗಿನಿಂದ ನೋಡಿದಾಗ ಪ್ರತಿ ತ್ರಿಕೋನದ ಮೂಲೆಗಳ ಸುತ್ತು ಹಿಂದುಮುಂದಾಗುತ್ತದೆ. ಅದಕ್ಕೇ ಪ್ರೋಗ್ರಾಂ ಹೊರಮುಖವನ್ನು ಒಳಮುಖ ಅಂತ ತಿಳಿದು ಬಿಡಿಸುವುದಿಲ್ಲ.

ಸುಹಾಸ್: abs() ಹಾಕಿ, 12 ಸಿಗುತ್ತದೆ. ಇಲ್ಲವೇ ಮೂಲೆಗಳ ಕ್ರಮದಲ್ಲಿ ಎರಡನ್ನು ಅದಲುಬದಲು ಮಾಡಿ.

ಗೀತಾ ಕೆ: abs() ಸಂಖ್ಯೆಯನ್ನಷ್ಟೇ ಸರಿಮಾಡುತ್ತದೆ. ಮೂಲೆ ಬದಲಿಸಿದರೆ ಮುಖಗಳೂ ಕಾಣುತ್ತವೆ, ಆದರೆ ಪೆಟ್ಟಿಗೆ ಕನ್ನಡಿಯ ಬಿಂಬವಾಗಿಯೇ ಉಳಿಯುತ್ತದೆ. ಅದರ ಮೇಲೆ ಒಂದು ಅಕ್ಷರ ಬರೆದು ನೋಡಿ, ತಿರುಗುಮುರುಗಾಗಿ ಕಾಣುತ್ತದೆ. ನಿಜವಾಗಿ ಬೇಕಿರುವುದು x ಅಕ್ಷದ ಸುತ್ತ 90 ಡಿಗ್ರಿ ತಿರುಗಿಸುವುದು. ಎರಡನೇ ಅಡ್ಡಸಾಲಿನ 1 ಅನ್ನು −1 ಮಾಡಿ. ಡಿಟರ್ಮಿನಂಟ್ +3 ಆಗುತ್ತದೆ.

ಸುಹಾಸ್: ಎಲ್ಲಾ ಅಕ್ಷಗಳನ್ನೂ ಮೈನಸ್ ಮಾಡಿದರೂ ತಿರುಗಿಸಿದಂತೆಯೇ. ಕಾಗದದ ಮೇಲೆ ಚಿತ್ರ ಬರೆದು ನೋಡಿದ್ದೇನೆ.

ಗೀತಾ ಕೆ: ಕಾಗದದಲ್ಲಿ ಹೌದು, ಎರಡು ಮೈನಸ್ ಸೇರಿ +1, ಅದು 180 ಡಿಗ್ರಿ ತಿರುವು. ಮೂರು ಅಕ್ಷದಲ್ಲಿ ಮೂರು ಮೈನಸ್, ಅಂದರೆ −1. ಬಲಗೈ ಎಡಗೈ ಆಗಿಬಿಡುತ್ತದೆ.

ಹೊಸಗಣಕ: ನನ್ನದೂ ಇದೇ ಸಮಸ್ಯೆ! ಡಿಟರ್ಮಿನಂಟ್ 0.000001 ಬಂತು, ಮಾದರಿ ಚಪ್ಪಟೆಯಾಗಿದೆ ಅಂತ ಪ್ರೋಗ್ರಾಂ ವಿಲೋಮವನ್ನೇ ಕೊಡುತ್ತಿಲ್ಲ. ಮೂರೂ ಕಡೆ 0.01 ಪಟ್ಟು ಕುಗ್ಗಿಸಿದ್ದೆ ಅಷ್ಟೇ.

ನಂದನ್: ಇದು ಬೇರೆ ಸಮಸ್ಯೆ. 0.01 ಅನ್ನು ಮೂರು ಸಲ ಗುಣಿಸಿದರೆ ಅಷ್ಟೇ ಬರುವುದು. ಮಾದರಿ ಪುಟ್ಟದಾಗಿದೆ, ಚಪ್ಪಟೆಯಾಗಿಲ್ಲ. ಆ ಪರೀಕ್ಷೆಯನ್ನು ತೆಗೆದುಹಾಕಿ.

ಚುಕ್ಕಿಗೆರೆ: −1 ಹಾಕಿದೆ, +12 ಬಂತು, ಮುಖಗಳೂ ಬಂದವು! ಆದರೆ ಇಳಿಜಾರು ಮುಖಗಳಿರುವ ಇನ್ನೊಂದು ಮಾದರಿಯಲ್ಲಿ ಬೆಳಕು ಇನ್ನೂ ಓರೆಯಾಗಿ ಬೀಳುತ್ತಿದೆ. ಡಿಟರ್ಮಿನಂಟ್ ಅಲ್ಲೂ +3 ಇದೆ. ಯಾರಿಗಾದರೂ ಗೊತ್ತಾ?