ಪದಚರ್ಚೆ: ‘ಎಕ್ಸೋಜಿನಸ್ ಶೇರ್’ಗೆ ‘ಹೊರಗಿನ ಪಾಲು’ ಎಂದರೆ ತಪ್ಪಾಗುವುದಿಲ್ಲವೇ?

ದಾವಣಗೆರೆಯಿಂದ ನಮಸ್ಕಾರ. ಒಂದೂರಿನಲ್ಲಿ ಆಳುಗಳ ಬೇಡಿಕೆ ಏರಿಳಿದರೆ ಕೂಲಿ ಎಷ್ಟು ಬದಲಾಗುತ್ತದೆ ಎಂದು ಅಳೆಯುವ ‘ಶಿಫ್ಟ್-ಶೇರ್’ ವಿಧಾನದ ಬಗ್ಗೆ ಬರೆಯುತ್ತಿದ್ದೇನೆ. ಅಮೆರಿಕದ ಅರ್ಥಶಾಸ್ತ್ರಜ್ಞ ಬಾರ್ಟಿಕ್ 1991ರಲ್ಲಿ ಬಳಸಿದ್ದರಿಂದ ಅದಕ್ಕೆ ಅವರ ಹೆಸರೂ ಉಂಟು. ನಾನು ‘ಪಾಲು-ಪಲ್ಲಟ ಸಾಧನ’ ಎಂದಿಟ್ಟಿದ್ದೇನೆ.

ಲೆಕ್ಕಕ್ಕೆಂದು ಹೀಗೆ ಹಿಡಿಯೋಣ. ಮೊದಲ ವರ್ಷ ನಮ್ಮೂರಿನ ಕೆಲಸಗಳಲ್ಲಿ ಹತ್ತಿ ಗಿರಣಿಯ ಪಾಲು 40%, ಅಕ್ಕಿ ಗಿರಣಿಯದು 20%, ಉಳಿದದ್ದು 40%. ಆಮೇಲೆ ದೇಶದಾದ್ಯಂತ ಹತ್ತಿ ಗಿರಣಿ ಕೆಲಸ 10% ಇಳಿಯಿತು, ಅಕ್ಕಿಯದು 5% ಏರಿತು, ಉಳಿದದ್ದು 2% ಏರಿತು. ಗುಣಿಸಿ ಕೂಡಿದರೆ −4 + 1 + 0.8, ಅಂದರೆ ನಮ್ಮೂರಿನ ಕೆಲಸಗಳು 2.2% ಇಳಿಯಬಹುದೆಂಬ ಅಂದಾಜು. ಹತ್ತಿಯ ಪಾಲು ಕಡಿಮೆಯಿರುವ ಊರಿಗೆ ಇಷ್ಟು ಇಳಿತ ಬರುವುದಿಲ್ಲ. ಊರಿಂದೂರಿಗೆ ಬೇರೆಯಾಗುವ ಈ ಅಂದಾಜೇ ಸಾಧನ, ಅದನ್ನು ಆಯಾ ಊರಿನ ಕೂಲಿಯ ಬದಲಾವಣೆಯ ಪಕ್ಕ ಇಟ್ಟು ನೋಡುತ್ತೇವೆ.

ಈ ಪಾಲು ‘ಎಕ್ಸೋಜಿನಸ್’ ಆಗಿರಬೇಕು ಅನ್ನುತ್ತಾರೆ. ‘ಹೊರಗಿನ’ ಎಂದು ಬರೆದರೆ ಓದುವವರು ಏನು ತಿಳಿದಾರು? ಗಿರಣಿ ಊರಿನೊಳಗೇ ಇತ್ತಲ್ಲ.

ಹರಿಹರದ ಹಿರಿಯರೊಬ್ಬರು: ನಮ್ಮ ತಂದೆ ಕಾಟನ್ ಮಿಲ್‌ನಲ್ಲಿ ರಾತ್ರಿ ಶಿಫ್ಟ್ ಮಾಡುತ್ತಿದ್ದರು. ಒಬ್ಬರ ಶಿಫ್ಟನ್ನು ಇನ್ನೊಬ್ಬರು ಹಂಚಿಕೊಂಡರೆ ‘ಪಾಳಿ’ ಎನ್ನಬೇಕು, ‘ಪಲ್ಲಟ’ ಅಲ್ಲ.

ಚಳ್ಳಕೆರೆಯಿಂದ: ಪಾಲನ್ನು ಹಳೆಯ ವರ್ಷದಿಂದ ತೆಗೆದುಕೊಂಡರೆ ಸಾಕಲ್ಲವೇ? ಹಳೆಯದು ಇಂದಿನ ಕೂಲಿಯಿಂದ ಬದಲಾಗುವುದಿಲ್ಲ. ‘ಆರಂಭದ ಪಾಲು’ ಎನ್ನಿ.

ಚಿತ್ರದುರ್ಗದ ಅರ್ಥಶಾಸ್ತ್ರದ ಮೇಡಂ: ಇಲ್ಲಿ ಶಿಫ್ಟ್ ಅಂದರೆ ಪಾಳಿಯಲ್ಲ ಸರ್, ದೇಶದ ಮಟ್ಟದ ಉದ್ಯಮದ ಏರಿಳಿತ. ಇನ್ನು ‘ಹಳೆಯದು’ ಅನ್ನುವುದು ಅರ್ಧ ಸರಿ. ಹತ್ತಿ ಗಿರಣಿಯ ಊರುಗಳಲ್ಲೇ ಕಾಲೇಜುಗಳೂ ಹೆಚ್ಚಾಗಿ ಬೆಳೆದು ಕೂಲಿ ಬದಲಾಯಿತು ಅನ್ನಿ. ಆಗ 40% ಎಂಬ ಹಳೆಯ ಪಾಲು ಕಾಲೇಜಿನ ಪರಿಣಾಮವನ್ನೂ ಹೊತ್ತು ತರುತ್ತದೆ, ನಾವು ಅದನ್ನು ಗಿರಣಿಯ ಲೆಕ್ಕಕ್ಕೆ ಹಾಕುತ್ತೇವೆ. ಗಿರಣಿ ಕುಸಿಯುವ ಮೊದಲಿನ ವರ್ಷಗಳಲ್ಲೇ ಹೆಚ್ಚು ಪಾಲಿನ ಊರುಗಳ ಕೂಲಿ ಬೇರೆ ದಾರಿ ಹಿಡಿದಿತ್ತೇ ನೋಡಿ. ಹಿಡಿದಿದ್ದರೆ ಅನುಮಾನ ಪಡಬೇಕು. ಪಾಲಿಗೆ ಕೂಲಿಯನ್ನು ಬದಲಿಸುವ ಬೇರೆ ಕಾರಣಗಳ ಜೊತೆ ನಂಟಿರಬಾರದು, ಅಷ್ಟೇ ಅರ್ಥ. ಆದ್ದರಿಂದ ‘ನಂಟಿಲ್ಲದ ಪಾಲು’.

ಇನ್ನೊಂದು ದಾರಿಯೂ ಇದೆ. ಪಾಲಿಗೆ ನಂಟಿದ್ದರೂ ಉದ್ಯಮಗಳ ಏರಿಳಿತ ಲಾಟರಿಯಂತೆ ಬಿದ್ದಿದ್ದರೆ ನಡೆಯುತ್ತದೆ. ಆದರೆ ಅದಕ್ಕೆ ಉದ್ಯಮಗಳು ಬಹಳ ಬೇಕು, ಯಾವ ಒಂದೂ ಲೆಕ್ಕವನ್ನೆಲ್ಲ ಎಳೆದುಕೊಳ್ಳಬಾರದು. ನಿಮ್ಮ ಉದಾಹರಣೆಯಲ್ಲಿ ಹತ್ತಿಯೊಂದೇ ಎಳೆಯುತ್ತಿದೆ, ಹಾಗಾಗಿ ನಿಮಗೆ ಮೊದಲ ದಾರಿಯೇ ಗತಿ.

ಮತ್ತೆ ದಾವಣಗೆರೆಯಿಂದ: ಮೇಡಂ, ‘ನಂಟಿಲ್ಲದ’ ಒಪ್ಪಿದೆ. ಲೇಖನದಲ್ಲಿ ಹತ್ತಿಯ ಪಾಲು ಹೆಚ್ಚಿದ್ದ ಊರುಗಳಲ್ಲಿ ಗಿರಣಿ ಕುಸಿಯುವ ಮೊದಲಿನ ವರ್ಷಗಳ ಕೂಲಿಯ ಚಿತ್ರವನ್ನೂ ಸೇರಿಸುತ್ತೇನೆ. ಉದ್ಯಮದ ಇಂಥ ಏರಿಳಿತವನ್ನು ಇಂಗ್ಲಿಷಿನಲ್ಲಿ ‘ಶಾಕ್’ ಅನ್ನುತ್ತಾರೆ, ಅದಕ್ಕೆ ಮಾತ್ರ ಪದ ಸಿಕ್ಕಿಲ್ಲ. ಅಕ್ಕಿ ಗಿರಣಿಗೆ ಆಳುಗಳ ಬೇಡಿಕೆ ಏರಿದ್ದನ್ನು ‘ಆಘಾತ’ ಎಂದು ಬರೆಯಲು ಕೈ ಬರುತ್ತಿಲ್ಲ.