ಸಹಾಯ ಬೇಕು: ನಾಯಿ ಕಡಿತಕ್ಕೆ ದಾಖಲಾಗದೆ ಪಡೆದ ಚಿಕಿತ್ಸೆಗೆ ವಿಮೆ ಸಿಗುತ್ತದೆಯೇ?

ಎಲ್ಲರಿಗೂ ನಮಸ್ಕಾರ. ನಾವು ಉಡುಪಿಯವರು. ಕಳೆದ ಭಾನುವಾರ ನನ್ನ ಅಮ್ಮನಿಗೆ ಬೀದಿನಾಯಿ ಕಾಲಿಗೆ ಕಚ್ಚಿ ರಕ್ತ ಬಂದಿತ್ತು. ಗಾಯವನ್ನು ಸಾಬೂನು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಕೂಡಲೇ ಖಾಸಗಿ ಆಸ್ಪತ್ರೆಗೆ ಕರೆದೊಯ್ದೆವು. ಚರ್ಮ ಹರಿದು ರಕ್ತ ಬಂದದ್ದರಿಂದ ಇದು ಮೂರನೇ ವರ್ಗದ ಕಡಿತವೆಂದೂ, ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ ಕೊಡಲೇಬೇಕೆಂದೂ ವೈದ್ಯರು ಹೇಳಿದರು. ಲಸಿಕೆ ದೇಹದಲ್ಲಿ ಪ್ರತಿರೋಧ ಬೆಳೆಸಲು ಕೆಲವು ದಿನ ಬೇಕಾಗುವುದರಿಂದ, ಅಲ್ಲಿಯವರೆಗೆ ರಕ್ಷಣೆ ಕೊಡುವುದು ಈ ಚುಚ್ಚುಮದ್ದೇ.

ದುಬಾರಿಯಾದದ್ದೂ ಇದೇ. ಮಾನವ ಮೂಲದ ಔಷಧವನ್ನು ಕಿಲೋ ತೂಕಕ್ಕೆ 20 ಯೂನಿಟ್‌ನಂತೆ ಲೆಕ್ಕ ಹಾಕುತ್ತಾರೆ. ಅಮ್ಮನ ತೂಕ 52 ಕಿಲೋ, ಅಂದರೆ 1,040 ಯೂನಿಟ್; 300 ಯೂನಿಟ್‌ನ ನಾಲ್ಕು ಸೀಸೆ ಬೇಕಾಯಿತು. ಒಟ್ಟು ಬಿಲ್ಲು ಸುಮಾರು 24,000 ರೂಪಾಯಿ. ಎರಡು ಗಂಟೆಯಲ್ಲಿ ಮನೆಗೆ ಕಳುಹಿಸಿದರು.

24 ಗಂಟೆ ದಾಖಲಾಗಿಲ್ಲ, ಇದು ಹೊರರೋಗಿ ಚಿಕಿತ್ಸೆ ಎಂದು ವಿಮಾ ಕಂಪನಿ ಕ್ಲೇಮ್ ತಿರಸ್ಕರಿಸಿದೆ. ಹಾವು ಕಡಿದವರನ್ನು ನಿಗಾಕ್ಕಾಗಿ ಹೇಗೂ ದಾಖಲಿಸಿಕೊಳ್ಳುವುದರಿಂದ ಪ್ರತಿವಿಷದ ವೆಚ್ಚಕ್ಕೆ ಈ ತೊಡಕು ಅಷ್ಟಾಗಿ ಬರುವುದಿಲ್ಲ. ಜೀವ ಉಳಿಸುವ ಚಿಕಿತ್ಸೆಯೇ ಆದರೂ ನಾಯಿ ಕಡಿತಕ್ಕೆ ಮಾತ್ರ ಬರುತ್ತದೆ, ಇದು ನನಗೆ ನ್ಯಾಯವೆನಿಸುತ್ತಿಲ್ಲ.

ಪಾಲಿಸಿಯ ಡೇ ಕೇರ್ ಪಟ್ಟಿ ಅಥವಾ ಹೊರರೋಗಿ ಸೌಲಭ್ಯದಡಿ ಯಾರಿಗಾದರೂ ಈ ಹಣ ಸಿಕ್ಕಿದೆಯೇ? ಯಾವ ದಾಖಲೆ ಕೊಟ್ಟಿರಿ? ಉಳಿದ ಡೋಸ್‌ಗಳನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಮುಂದುವರಿಸಿದವರಿದ್ದರೆ, ಯಾವ ಚೀಟಿ ಕೇಳಿದರೆಂದು ದಯವಿಟ್ಟು ತಿಳಿಸಿ. ಮುಂದಿನ ಡೋಸ್ ಏಳನೇ ದಿನಕ್ಕಿದೆ.