‘ಕಡಿತ’ಕ್ಕೆ ಎರಡು ಅರ್ಥ: ಅಪ್ಪನಿಗೆ ಬರೆಯುವ ಪತ್ರದಲ್ಲಿ ಯಾವ ಪದ?

ಪ್ರಶ್ನೆ (ಮ್ಯೂನಿಕ್‌ನಿಂದ):

ಚಿಕ್ಕಮಗಳೂರಿನಲ್ಲಿರುವ ಅಪ್ಪನಿಗೆ 74 ವರ್ಷ. ರಿಟರ್ನ್ ದೋಷಪೂರಿತವಾಗಿದೆ ಎಂದು ಆದಾಯ ತೆರಿಗೆಯವರಿಂದ 139(9) ನೋಟಿಸು ಬಂದಿದೆ. ಎಫ್‌ಡಿ ಬಡ್ಡಿ 1,40,000 ರೂಪಾಯಿ ಬಂದಿತ್ತು. ಬ್ಯಾಂಕು ಶೇ. 10ರಂತೆ 14,000 ಟಿಡಿಎಸ್ ಹಿಡಿದಿತ್ತು. ರಿಟರ್ನ್‌ನಲ್ಲಿ ಆ 14,000 ತಾನಾಗಿ ತುಂಬಿಕೊಂಡು ಬಂದಿದೆ. ಬಡ್ಡಿಯನ್ನು ಮಾತ್ರ ತೋರಿಸಿಲ್ಲ. ತುಂಬಿಕೊಟ್ಟವರಿಗೆ ಅಪ್ಪ ಪಿಂಚಣಿ ಕಾಗದವನ್ನಷ್ಟೇ ಕೊಟ್ಟಿದ್ದರು. ‘ಬಡ್ಡಿಗೆ ಕಡಿತ ಆಗಿದೆಯಲ್ಲ, ಮುಗಿಯಿತಲ್ಲ’ ಎಂಬುದು ಅವರ ಲೆಕ್ಕ.

ಉತ್ತರಿಸಲು 15 ದಿನ ಇದೆ. ನಾನು ಹೀಗೆ ಬರೆದೆ:

‘ಅಪ್ಪಾ, ಬ್ಯಾಂಕಿನವರು 14,000 ಕಡಿತ ಮಾಡಿದ್ದಾರೆ. ಹಿರಿಯರಿಗೆ ಬಡ್ಡಿಯಲ್ಲಿ 50,000 ಕಡಿತ ಇದೆ. ಬಡ್ಡಿಯ ಕಾಗದ ಕಳಿಸಿ.’

ರಾತ್ರಿ ಫೋನ್ ಮಾಡಿ ಕೇಳಿದರು: ‘ಒಟ್ಟು 64,000 ಹಿಡಿದುಬಿಟ್ಟರೇನೋ?’ ಮೇಲಾಗಿ ‘ಬಡ್ಡಿಯ ಕಾಗದ’ ಎಂದರೆ ಎಫ್‌ಡಿ ಬಾಂಡು ಅಂದುಕೊಂಡು ಅಸಲನ್ನೇ ಕೊರಿಯರ್ ಮಾಡಲು ಹೊರಟಿದ್ದರು! ಎರಡು ಕಡಿತಕ್ಕೂ ಬೇರೆ ಬೇರೆ ಪದ ಬೇಕು. ‘ದೋಷಪೂರಿತ ರಿಟರ್ನ್’ ಅನ್ನುವುದಕ್ಕೂ ಮೆತ್ತಗಿನ ಮಾತು ಬೇಕು. ಕಳ್ಳಲೆಕ್ಕ ಬರೆದವರಂತೆ ಕುಗ್ಗಿಹೋಗಿದ್ದಾರೆ.

ಉತ್ತರ (ಬೆಂಗಳೂರಿನಿಂದ):

ಎರಡನೆಯದಕ್ಕೆ ‘ವಿನಾಯಿತಿ’ ಅನ್ನಿ, ಸಾಕು. ಸುಮ್ನೆ ಯಾಕೆ ಇಷ್ಟು ಯೋಚನೆ? ಮುಂದಿನ ವರ್ಷ ಟಿಡಿಎಸ್ ಹಿಡಿಯಬೇಡಿ ಎಂದು ಬ್ಯಾಂಕಿಗೆ 15ಎಚ್ ಫಾರಂ ಕೊಟ್ಟುಬಿಡಲಿ. ಆಗ ಬಡ್ಡಿ ತೋರಿಸುವ ಗೊಡವೆಯೇ ಇರಲ್ಲ.

ಉತ್ತರ (ಹಾಸನದಿಂದ, ನಿವೃತ್ತ ಬ್ಯಾಂಕ್ ನೌಕರ):

15ಎಚ್ ವಿಷಯ ಹಾಗಲ್ಲ. ಆ ವರ್ಷದ ಒಟ್ಟು ಆದಾಯಕ್ಕೆ ತೆರಿಗೆಯೇ ಬೀಳದಿದ್ದರೆ ಮಾತ್ರ ಅದನ್ನು ಕೊಡಬೇಕು. ಕೊಟ್ಟರೆ ಬ್ಯಾಂಕು ಹಿಡಿಯುವುದಿಲ್ಲ, ಅಷ್ಟೇ. ರಿಟರ್ನ್ ಹಾಕುವಾಗ ಬಡ್ಡಿಯನ್ನು ಆಗಲೂ ತೋರಿಸಲೇಬೇಕು.

ಪದಕ್ಕೆ ಬರುತ್ತೇನೆ. ಕೌಂಟರಿನಲ್ಲಿ ಹಿರಿಯರು ‘ಕಡಿತ’ ಅಂತ ಕೇಳಿದ್ದು ಕಡಿಮೆ. ‘ಯಾಕ್ರೀ ದುಡ್ಡು ಮುರ್ಕೊಂಡಿದ್ದೀರಿ?’ ಅಂತಲೇ ಕೇಳುತ್ತಿದ್ದರು. ಸಂಬಳದಲ್ಲಿ ಸಾಲದ ಕಂತು ಮುರಿದುಕೊಳ್ಳುವ ಹಾಗೆ. ದುಡ್ಡು ನಿಜವಾಗಿ ಕೈಬಿಟ್ಟು ಹೋದದ್ದಕ್ಕೆ ಅದೇ ಸರಿಯಾದ ಮಾತು.

50,000 ಯಾರ ಕೈಗೂ ಹೋಗುವುದಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ 1,40,000ದಲ್ಲಿ ಅಷ್ಟನ್ನು ಲೆಕ್ಕಕ್ಕೆ ಹಿಡಿಯದೆ ಉಳಿದ 90,000 ಆದಾಯಕ್ಕೆ ಸೇರುತ್ತದೆ. ಅದಕ್ಕೆ ‘ಬಿಟ್ಟಿದ್ದಾರೆ’ ಅನ್ನಿ. ಹಳೆಯ ಲೆಕ್ಕದವರು ‘ವಜಾ’ ಅನ್ನುತ್ತಿದ್ದರು. ಈಗ ಆ ಮಾತು ಕೇಳಿದರೆ ಕೆಲಸ ಹೋಯಿತು ಅಂದುಕೊಳ್ಳುತ್ತಾರೆ. ‘ವಿನಾಯಿತಿ’ ತಪ್ಪೇನಲ್ಲ. ಆದರೆ ಪೂರ್ತಿ ಬಡ್ಡಿಗೆ ತೆರಿಗೆ ಇಲ್ಲ ಅಂತ ಓದಿಕೊಳ್ಳುವವರೇ ಜಾಸ್ತಿ.

ಉತ್ತರ (ಧಾರವಾಡದಿಂದ):

ನಮ್ಮ ಅವ್ವನದು ವರ್ಷದ ಪೇಚು. ನೋಟಿಸಿನಲ್ಲಿ 2025-26 ಅಂತ ಇತ್ತು. ಅವಳು ಬ್ಯಾಂಕಿಗೆ ಹೋಗಿ ಅದೇ ವರ್ಷದ ಬಡ್ಡಿ ಸರ್ಟಿಫಿಕೇಟ್ ತಂದಳು. ಬೇಕಾಗಿದ್ದು 2024-25ರದು. ಎರಡು ಸಲ ಬ್ಯಾಂಕಿಗೆ ಅಲೆದಳು. ವರ್ಷದ ಹೆಸರು ಬರೆಯಬೇಡಿ. ತಿಂಗಳು ಹೇಳಿ.

ಉತ್ತರ (ಹಾಸನದಿಂದ):

ಇದು ಮುಖ್ಯ. ನೋಟಿಸಿನಲ್ಲಿರುವುದು ತೆರಿಗೆ ಲೆಕ್ಕ ಹಾಕುವ ವರ್ಷ. ದುಡ್ಡು ಬಂದದ್ದು ಅದರ ಹಿಂದಿನ ವರ್ಷ. 2026ರ ಏಪ್ರಿಲ್ 1ರಿಂದಿನ ಹೊಸ ಕಾಯಿದೆಯಲ್ಲಿ ‘ತೆರಿಗೆ ವರ್ಷ’ ಅಂತ ಒಂದೇ ಹೆಸರು. ಹಳೆಯ ವರ್ಷಗಳ ನೋಟಿಸಿಗೆ ಈ ಎಚ್ಚರ ಇರಲಿ.

‘ದೋಷ’ದ ಬದಲು ‘ಅರೆಬರೆ’ ಅನ್ನಬಹುದು. ಆದರೆ ತೀರಾ ಹಗುರ ಮಾಡಬೇಡಿ. ಸರಿಪಡಿಸದೆ ಬಿಟ್ಟರೆ ರಿಟರ್ನ್ ಹಾಕಿಯೇ ಇಲ್ಲ ಎಂದು ಎಣಿಸುತ್ತಾರೆ.

ಪ್ರಶ್ನೆ ಕೇಳಿದವರು:

ತುಂಬಾ ಉಪಕಾರವಾಯಿತು. ಅಪ್ಪ ಹಳೆಯ ಪದ್ಧತಿಯಲ್ಲೇ ಇದ್ದಾರೆ. ಪತ್ರವನ್ನು ತಿದ್ದಿ ಹೀಗೆ ಕಳಿಸಿದೆ:

‘ಅಪ್ಪಾ, ಹೆದರಬೇಡಿ. ನಿಮ್ಮ ಮೇಲೆ ಯಾರೂ ತಪ್ಪು ಹೊರಿಸಿಲ್ಲ. ನಾವು ಹಾಕಿದ ರಿಟರ್ನ್‌ನಲ್ಲಿ ಬಡ್ಡಿ ಬರೆಯುವುದು ಬಿಟ್ಟುಹೋಗಿದೆ. 15 ದಿನದೊಳಗೆ ಸೇರಿಸಬೇಕು. ಬ್ಯಾಂಕಿನವರು ಬಡ್ಡಿಯಲ್ಲಿ 14,000 ಮುರಿದುಕೊಂಡು ನಿಮ್ಮ ಹೆಸರಿನಲ್ಲಿ ತೆರಿಗೆಗೆ ಕಟ್ಟಿದ್ದಾರೆ. ಅದು ನಿಮ್ಮ ಲೆಕ್ಕಕ್ಕೇ ಜಮಾ ಆಗಿದೆ. ಬಡ್ಡಿಯಲ್ಲಿ 50,000ಕ್ಕೆ ತೆರಿಗೆ ಬಿಟ್ಟಿದ್ದಾರೆ. ಇದನ್ನು ಯಾರೂ ತೆಗೆದುಕೊಂಡಿಲ್ಲ.

ಬ್ಯಾಂಕಿಗೆ ಹೋಗಿ 2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗಿನ ಬಡ್ಡಿ ಸರ್ಟಿಫಿಕೇಟ್ ಕೇಳಿ. ಅದೇ ತಿಂಗಳುಗಳ 16ಎ, ಅಂದರೆ ತೆರಿಗೆ ಮುರಿದುಕೊಂಡದ್ದಕ್ಕೆ ಕೊಡುವ ಕಾಗದ, ಕೇಳಿ. ಮೂರು ತಿಂಗಳಿಗೊಂದರಂತೆ ನಾಲ್ಕು ಇರಬಹುದು. ಬಡ್ಡಿ ಸರ್ಟಿಫಿಕೇಟ್, ಎಲ್ಲ 16ಎ ಮತ್ತು ನೋಟಿಸಿನ ಫೋಟೊ ತೆಗೆದು ವಾಟ್ಸಾಪ್ ಮಾಡಿ. ಎಲ್ಲ ಪುಟವೂ ಬರಲಿ. ನಿಮ್ಮ ಹೆಸರಿನಲ್ಲಿ ಕಟ್ಟಿದ ತೆರಿಗೆಯನ್ನು ತೋರಿಸುವ 26ಎಎಸ್ ನಾನೇ ಇಲ್ಲಿಂದ ತೆಗೆದುಕೊಳ್ಳುತ್ತೇನೆ. ಬಾಂಡು, ಪಾಸ್‌ಬುಕ್ ಬೀರುವಿನಲ್ಲೇ ಇರಲಿ.’

ಈ ಸಲ ಅಪ್ಪ ಒಂದೇ ಪ್ರಶ್ನೆ ಕೇಳಿದರು. ‘ಜಮಾ ಆಗಿದೆ ಅಂದೆಯಲ್ಲ, ಪಾಸ್‌ಬುಕ್ಕಿನಲ್ಲಿ ಯಾಕೆ ಕಾಣುತ್ತಿಲ್ಲ?’ ಟಿಡಿಎಸ್ ಸಂದರ್ಭದಲ್ಲಿ ‘ಜಮಾ’ಕ್ಕೆ ಬೇರೆ ಪದ ಯಾರಿಗಾದರೂ ಹೊಳೆಯುತ್ತದೆಯೇ?